ರದ್ದಾದ ವಿಮಾನ, ಮೂರು ಲೆಕ್ಕ, ಒಂದು ಪತ್ರ

ಹರಿದ್ವಾರ, ಹೃಷಿಕೇಶ ಮುಗಿಸಿಕೊಂಡು ನಾನು ಮತ್ತು ಅಪ್ಪ ರೈಲಿನಲ್ಲಿ ದೆಹಲಿಗೆ ಬಂದಿದ್ದೆವು. ಫೆಬ್ರವರಿಯ ಒಂದು ಭಾನುವಾರ. ಸಂಜೆ 7:10ಕ್ಕೆ ಬೆಂಗಳೂರಿನ ವಿಮಾನ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಮಧ್ಯರಾತ್ರಿ ಹೊರಡುವ ಬಸ್ಸಿನಲ್ಲಿ ಎರಡು ಸೀಟು ಬೇರೆ ಮಾಡಿಸಿದ್ದೆ. ಅಪ್ಪನಿಗೆ 74 ವರ್ಷ, ಸಕ್ಕರೆ ಕಾಯಿಲೆ ಇದೆ. ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು.

ಲಗೇಜ್ ಕೊಟ್ಟು, ಸೆಕ್ಯುರಿಟಿ ದಾಟಿ ಕೂತ ಮೇಲೆ 5:50ಕ್ಕೆ ಮೊದಲ ಎಸ್ಸೆಮ್ಮೆಸ್ ಬಂತು. ವಿಮಾನ 8:30ಕ್ಕೆ. 8:05ಕ್ಕೆ ಇನ್ನೊಂದು, 9:45ಕ್ಕೆ ಅಂತ. 9:38ಕ್ಕೆ ಮೂರನೆಯದು ಬಂತು. ವಿಮಾನ ರದ್ದಾಗಿದೆ, ಕಾರಣ 'ಆಪರೇಷನಲ್ ರೀಸನ್ಸ್'. ಗೇಟಿನ ಹತ್ತಿರ ಇದ್ದವರೆಲ್ಲ ಒಮ್ಮೆಲೇ ಎದ್ದು ಕೌಂಟರಿಗೆ ಮುತ್ತಿಕೊಂಡರು. ಒಬ್ಬರು ಜೋರಾಗಿ ಕೂಗಾಡುತ್ತಿದ್ದರು. ಕೌಂಟರಿನಲ್ಲಿದ್ದ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನನ್ನ ಸರದಿ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿದೆ, ಯಾಕೆ ರದ್ದಾಯಿತು ಅಂತ. ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿದುಹೋಗಿದೆ, ಬದಲಿ ಸಿಬ್ಬಂದಿ ಇಲ್ಲ ಎಂದಳು. ಸಮಯ ನೋಡಿ ಅದನ್ನು ಫೋನಿನಲ್ಲಿ ಹಾಗೆಯೇ ಬರೆದುಕೊಂಡೆ. ಬರೆದುಕೊಂಡದ್ದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದು ಆಮೇಲೆ ಗೊತ್ತಾಯಿತು.

ಅಲ್ಲೇ ಇನ್ನೊಂದು ಕೆಲಸ ಮಾಡಿದೆ. ನಿರ್ಗಮನದ ದೊಡ್ಡ ಬೋರ್ಡಿನ ಫೋಟೋ ತೆಗೆದೆ. ಬೇರೆ ಕಂಪನಿಗಳ ಬೆಂಗಳೂರು ವಿಮಾನಗಳು 8:40ಕ್ಕೆ ಮತ್ತು 9:20ಕ್ಕೆ ಹೊರಟಿದ್ದವು ಅಂತ ಅದರಲ್ಲಿತ್ತು. ನಮ್ಮದರ ಎದುರು ಮಾತ್ರ ಕೆಂಪು ಅಕ್ಷರ. ಬೋರ್ಡಿನ ಮೂಲೆಯಲ್ಲಿದ್ದ ಗಡಿಯಾರವೂ ಫೋಟೋದಲ್ಲಿ ಬರುವ ಹಾಗೆ ಎರಡು ಹೆಜ್ಜೆ ಹಿಂದೆ ನಿಂತು ತೆಗೆದಿದ್ದೆ. ಲಗೇಜ್ ವಾಪಸ್ ಪಡೆಯಲು ಹೊರಗೆ ಕರೆದುಕೊಂಡು ಹೋಗುವಾಗ ಬೋರ್ಡಿಂಗ್ ಪಾಸ್ ಕೇಳಿದರು. ಎರಡೂ ಪಾಸ್‌ಗಳ ಫೋಟೋ ತೆಗೆದುಕೊಂಡೇ ಕೊಟ್ಟೆ.

ಕಂಪನಿ ಕೊಟ್ಟ ಆಯ್ಕೆ ಎರಡು. ಒಂದು, ಮಂಗಳವಾರ ಸಂಜೆಯ ವಿಮಾನ. ಮದುವೆಯ ಸೀಸನ್, ಸೋಮವಾರದ ಯಾವ ವಿಮಾನದಲ್ಲೂ ಎರಡು ಸೀಟು ಇಲ್ಲ ಎಂದರು. ಇನ್ನೊಂದು, ಪೂರ್ತಿ ಹಣ ವಾಪಸ್. ಹೋಟೆಲ್ ಕೊಡುವುದಿಲ್ಲ ಎಂದರು. ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ಕೊಟ್ಟರು. ಅಪ್ಪನಿಗೆ ಜ್ಯೂಸ್ ಕುಡಿಯುವ ಹಾಗಿಲ್ಲ.

ಈ ಹೊತ್ತಿನಲ್ಲಿ ಏನು ಆರಿಸಿಕೊಳ್ಳುತ್ತೇವೆ ಅನ್ನುವುದು ಮುಂದಿನ ಇಡೀ ಲೆಕ್ಕವನ್ನು ತೀರ್ಮಾನಿಸುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಒಂದು ನಿಯಮ ಇದೆ. ಸಿಎಆರ್ ಸೆಕ್ಷನ್ 3, ಸೀರೀಸ್ ಎಂ, ಭಾಗ 4 ಅಂತ ಅದರ ಹೆಸರು. ರದ್ದತಿಯನ್ನು ಮೊದಲೇ ತಿಳಿಸದಿದ್ದರೆ ಪ್ರಯಾಣಿಕರು ಒಪ್ಪುವಂಥ ಬದಲಿ ವಿಮಾನ ಕೊಡಬೇಕು, ಇಲ್ಲವೇ ಟಿಕೆಟ್ಟಿನ ಪೂರ್ತಿ ಹಣದ ಜೊತೆಗೆ ಪರಿಹಾರ ಕೊಡಬೇಕು ಅಂತ ಅದು ಹೇಳುತ್ತದೆ. 'ಇಲ್ಲವೇ' ಅನ್ನುವ ಪದ ನೋಡಿ. ಬದಲಿ ವಿಮಾನಕ್ಕೆ ಒಪ್ಪಿ ಹತ್ತಿಬಿಟ್ಟರೆ ಆಮೇಲೆ ಪರಿಹಾರ ಕೇಳುವುದು ಕಷ್ಟ. ಎಸ್ಸೆಮ್ಮೆಸ್ಸಿನ ಲಿಂಕ್ ಒತ್ತಿದರೆ ಎರಡು ಬಟನ್ ಬರುತ್ತವೆ. ಗಡಿಬಿಡಿಯಲ್ಲಿ ಮೊದಲನೆಯದನ್ನು ಒತ್ತಿದವರು ಅವತ್ತು ನನ್ನ ಪಕ್ಕದಲ್ಲೇ ಮೂರು ಜನ ಇದ್ದರು. ಬದಲಿ ವಿಮಾನ ನಿಮಗೆ ನಿಜವಾಗಿ ಅನುಕೂಲ ಆಗುವುದಾದರೆ ಒತ್ತಿ, ತಪ್ಪಿಲ್ಲ. ನನಗೆ ಎರಡು ದಿನ ಕಾಯಲು ಆಗುತ್ತಿರಲಿಲ್ಲ. ಹಣ ವಾಪಸ್ ಅಂತ ಒತ್ತಿದೆ.

ಟ್ಯಾಕ್ಸಿ ಹಿಡಿದು ವಿಮಾನ ನಿಲ್ದಾಣದ ಹತ್ತಿರದ ಮಹಿಪಾಲಪುರಕ್ಕೆ ಹೋದೆವು. ಅಲ್ಲಿ ಸಾಲುಸಾಲಾಗಿ ಹೋಟೆಲುಗಳಿವೆ. ರೂಮಿಗೆ 2,800 ರೂಪಾಯಿ. ರಾತ್ರಿ ಹನ್ನೊಂದೂವರೆಗೆ ಅಪ್ಪ ಎರಡು ಚಪಾತಿ, ದಾಲ್ ತಿಂದರು. ಅವರು ಮಲಗಿದ ಮೇಲೆ ಮರುದಿನ ಬೆಳಗಿನ ಟಿಕೆಟ್ ಹುಡುಕಿದೆ. ಬೇರೆ ಕಂಪನಿಯ ವಿಮಾನ, ತಲಾ 11,200. ನೇರ ಹೋಗುವ ವಿಮಾನಗಳಲ್ಲಿ ಅದೇ ಅತಿ ಕಡಿಮೆ. ದುಡ್ಡು ಕಟ್ಟುವ ಮೊದಲು ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಸಿಕ್ಕಿದ್ದರಲ್ಲಿ ಕಡಿಮೆಯದನ್ನೇ ಕೊಂಡೆ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆಮೇಲೆ ಒಂದು ತಪ್ಪು ಮಾಡಿದೆ. ರಾತ್ರಿ ಒಂದು ಗಂಟೆಗೆ, ಹಾಸಿಗೆಯ ಮೇಲೆ ಕೂತು, ಕಂಪನಿಗೆ ಉದ್ದದ ಇಮೇಲ್ ಬರೆದೆ. ವಯಸ್ಸಾದ ತಂದೆ, ಇನ್ಸುಲಿನ್, ನಾಚಿಕೆಯಾಗಬೇಕು ನಿಮಗೆ, ಕೋರ್ಟಿಗೆ ಎಳೆಯುತ್ತೇನೆ, ಎಲ್ಲಾ ಇತ್ತು ಅದರಲ್ಲಿ. ಎಷ್ಟು ಹಣ, ಯಾವುದಕ್ಕೆ, ಯಾವ ತಾರೀಖಿನೊಳಗೆ ಅನ್ನುವುದು ಮಾತ್ರ ಇರಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು. ಆದ ಅನಾನುಕೂಲಕ್ಕೆ ವಿಷಾದ, ಹವಾಮಾನ ಮತ್ತು ಕಾರ್ಯಾಚರಣೆಯ ಕಾರಣದಿಂದ ವಿಮಾನ ರದ್ದಾಯಿತು, ನಿಮ್ಮ ಹಣ ವಾಪಸಾತಿಯ ಪ್ರಕ್ರಿಯೆಯಲ್ಲಿದೆ. ಅಷ್ಟೇ. ನಾನು ಬರೆದ ಒಂದು ಮಾತಿಗೂ ಅದರಲ್ಲಿ ಉತ್ತರ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಉತ್ತರ ಕೊಡಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲವಲ್ಲ.

ಅಪ್ಪ, "ಬಿಟ್ಟು ಹಾಕು ಪುಟ್ಟಿ, ಮನೆ ಸೇರಿದೆವಲ್ಲ" ಎಂದರು. ನನಗೆ ಬಿಡಲು ಮನಸ್ಸಾಗಲಿಲ್ಲ. ಊಟದ ಟೇಬಲ್ಲಿನ ಮೇಲೆ ಎಲ್ಲ ರಸೀದಿ ಹರಡಿಕೊಂಡು ಕೂತೆ.

ಅವತ್ತು ನನಗೆ ಅರ್ಥವಾದದ್ದು ಇದು. ವಿಮಾನ ರದ್ದಾದಾಗ ನಾವು 'ನನ್ನ ದುಡ್ಡು' ಅಂತ ಒಟ್ಟಿಗೆ ಹೇಳುವುದು ಮೂರು ಬೇರೆ ಬೇರೆ ಲೆಕ್ಕ. ಮೂರಕ್ಕೂ ಆಧಾರ ಬೇರೆ, ಮೂರನ್ನೂ ಸಾಬೀತು ಮಾಡುವ ರೀತಿ ಬೇರೆ. ಒಂದೇ ಮೊತ್ತ ಮಾಡಿ ಕೇಳಿದರೆ ಅತಿ ಸುಲಭದ್ದನ್ನು ಕೊಟ್ಟು 'ಪ್ರಕರಣ ಮುಗಿಯಿತು' ಅಂದುಬಿಡುತ್ತಾರೆ.

ಮೊದಲನೆಯದು ಟಿಕೆಟ್ಟಿನ ಹಣ. ನಮ್ಮಿಬ್ಬರದು 12,900. ಇದಕ್ಕೆ ವಾದವೇ ಬೇಡ, ವಿಮಾನ ಹಾರಲಿಲ್ಲ, ಹಣ ವಾಪಸ್ ಬರಬೇಕು. ಆದರೆ ನಾನು ಟಿಕೆಟ್ ತೆಗೆದದ್ದು ಒಂದು ಟ್ರಾವೆಲ್ ವೆಬ್‌ಸೈಟಿನಲ್ಲಿ. ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ಕಂಪನಿಯವರು, ನಾವು ವೆಬ್‌ಸೈಟಿಗೆ ಕಳಿಸಿದ್ದೇವೆ ಅನ್ನುತ್ತಾರೆ. ವೆಬ್‌ಸೈಟಿನವರು, ಕಂಪನಿಯಿಂದ ಬಂದಿಲ್ಲ ಅನ್ನುತ್ತಾರೆ. ಏಜೆಂಟ್ ಮೂಲಕ ಕೊಂಡ ಟಿಕೆಟ್ಟಿನ ಹಣ ವಾಪಸ್ ಮಾಡಿಸುವ ಹೊಣೆಯೂ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟ್ ಅವರ ಪ್ರತಿನಿಧಿ, ಅಂತ ಡಿಜಿಸಿಎ ನಿಯಮ ಹೇಳುತ್ತದೆ. ಅದನ್ನು ಬರೆದು ಇಬ್ಬರಿಗೂ ಒಂದೇ ಇಮೇಲಿನಲ್ಲಿ ಕಳಿಸಿದೆ, ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುವ ಹಾಗೆ. ಹಣ ಬಿಡುಗಡೆ ಮಾಡಿದ ತಾರೀಖು ಮತ್ತು ಎಆರ್‌ಎನ್ ನಂಬರ್ ಕೊಡಿ ಎಂದು ಕೇಳಿದೆ. ಕಾರ್ಡಿಗೆ ಹಣ ವಾಪಸಾದರೆ ಈ ನಂಬರ್ ಹುಟ್ಟುತ್ತದೆ, ಅದು ಸಿಕ್ಕರೆ ಬ್ಯಾಂಕಿನವರೇ ಹುಡುಕಿ ಹೇಳುತ್ತಾರೆ. ನಂಬರ್ ಕೇಳಿದ ಮೂರು ದಿನಕ್ಕೆ ಹಣವೇ ಬಂತು. ಒಟ್ಟು 19 ದಿನ. ನಡುವೆ ಒಮ್ಮೆ, ಹಣದ ಬದಲು ಮುಂದಿನ ಪ್ರಯಾಣಕ್ಕೆ ಬಳಸುವ ಹಾಗೆ ನಿಮ್ಮ ಖಾತೆಯಲ್ಲಿ ಇಟ್ಟಿರುತ್ತೇವೆ ಎಂದಿದ್ದರು. ಅದನ್ನು ಒಪ್ಪುವುದು ಬಿಡುವುದು ಪ್ರಯಾಣಿಕರ ಇಷ್ಟ, ಕಂಪನಿಯದಲ್ಲ. ಬೇಡ ಅಂತ ಒಂದು ಸಾಲು ಬರೆದರೆ ಸಾಕಾಯಿತು. ವೆಬ್‌ಸೈಟ್ ಹಿಡಿದುಕೊಂಡ ಸೇವಾ ಶುಲ್ಕ ಬರಲಿಲ್ಲ. ಅದು ವಿಮಾನ ಕಂಪನಿಯ ಕೈಗೆ ಹೋದ ಹಣ ಅಲ್ಲ ಅಂತ ನಾನೂ ಅದನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ.

ಎರಡನೆಯದು ಪರಿಹಾರ. ಹೆಚ್ಚಿನವರಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಗೊತ್ತಿದ್ದವರು ಹತ್ತು ಸಾವಿರ ಸಿಗುತ್ತದೆ ಅಂತ ತಿಳಿದಿರುತ್ತಾರೆ. ನಿಯಮದಲ್ಲಿ ವಿಮಾನದ ಪ್ರಯಾಣದ ಅವಧಿ ನೋಡಿ ಮೂರು ಹಂತ ಇದೆ. ಒಂದು ಗಂಟೆಯವರೆಗಿನದಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕಿಂತ ಜಾಸ್ತಿಯಾದರೆ 10,000. ಆದರೆ ಜೊತೆಗೇ ಒಂದು ಷರತ್ತಿದೆ. ಆ ಮೊತ್ತ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿಸಿದ್ದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ದೆಹಲಿಯಿಂದ ಬೆಂಗಳೂರಿಗೆ ಎರಡು ಗಂಟೆಗಿಂತ ಜಾಸ್ತಿ ಬೇಕು, ಹಾಗಾಗಿ ನಮ್ಮದು ಮೂರನೆಯ ಹಂತ. ಇನ್‌ವಾಯ್ಸ್ ತೆಗೆದು ನೋಡಿದರೆ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಬಿಟ್ಟು ಮೂಲ ದರ ಮತ್ತು ಇಂಧನ ಶುಲ್ಕ ತಲಾ 5,150 ಇತ್ತು. ಹಾಗಾದರೆ ನಮಗೆ ಬರಬೇಕಾದ್ದು 10,300. ಇಬ್ಬರಿಗೆ ಇಪ್ಪತ್ತು ಸಾವಿರ ಅಲ್ಲ. ಮೊದಲು ನಾನೂ ಇಪ್ಪತ್ತು ಸಾವಿರ ಅಂತಲೇ ಬರೆದಿದ್ದೆ. ಹಾಗೆ ಕಳಿಸಿದ್ದರೆ, ಈಕೆಗೆ ನಿಯಮ ಗೊತ್ತಿಲ್ಲ ಅಂತ ಓದಿದ ತಕ್ಷಣ ಅವರಿಗೆ ತಿಳಿಯುತ್ತಿತ್ತು.

ಈ ಪರಿಹಾರ ತಪ್ಪಿಹೋಗುವ ದಾರಿಗಳೂ ಇವೆ. ಎರಡು ವಾರ ಮೊದಲೇ ತಿಳಿಸಿ ಬದಲಿ ವಿಮಾನ ಅಥವಾ ಹಣ ಕೊಟ್ಟಿದ್ದರೆ ಇಲ್ಲ. ಬುಕಿಂಗಿನಲ್ಲಿ ನಿಮ್ಮನ್ನು ಸಂಪರ್ಕಿಸುವ ಸರಿಯಾದ ನಂಬರ್ ಕೊಟ್ಟಿರದಿದ್ದರೂ ಇಲ್ಲ. ಊರಿನ ಏಜೆಂಟರು ಎಷ್ಟೋ ಸಲ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ, ಅದನ್ನು ಟಿಕೆಟ್ ಕೈಗೆ ಬಂದಾಗಲೇ ನೋಡಿಕೊಳ್ಳಬೇಕು. ಇನ್ನು ದೊಡ್ಡದು, ಕಾರಣ. ಕಂಪನಿಯ ಕೈ ಮೀರಿದ್ದಾದರೆ ಪರಿಹಾರ ಕೊಡಬೇಕಿಲ್ಲ. ಪ್ರಕೃತಿ ವಿಕೋಪ, ಗಲಭೆ, ಸರ್ಕಾರದ ಆದೇಶ, ಮುಷ್ಕರ, ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯ ಅಪಾಯ ಇಂಥವು. ಅದಕ್ಕೇ ಅವರ ಮೊದಲ ಉತ್ತರದಲ್ಲಿ 'ಹವಾಮಾನ' ಅನ್ನುವ ಪದ ಅಷ್ಟು ಸಲೀಸಾಗಿ ಬಂದು ಕೂತಿತ್ತು. ನಿಜವಾಗಿ ಮಂಜು ಮುಸುಕಿದ್ದರೆ ನಾನು ಆ 10,300 ಕೇಳುತ್ತಲೇ ಇರಲಿಲ್ಲ. ಆದರೆ ಅದೇ ಹೊತ್ತಿಗೆ ಅದೇ ಊರಿಗೆ ಎರಡು ವಿಮಾನ ಹೋದದ್ದು ನನ್ನ ಫೋಟೋದಲ್ಲಿತ್ತು. ಅವರ ಎಸ್ಸೆಮ್ಮೆಸ್ಸಿನಲ್ಲಿ ಹವಾಮಾನದ ಸುದ್ದಿಯೇ ಇರಲಿಲ್ಲ.

ಮೂರನೆಯದು ಹೆಚ್ಚುವರಿ ಖರ್ಚು. ನಾವು ಅತಿ ಜಾಸ್ತಿ ಎಡವುವುದು ಇಲ್ಲೇ. ಪರಿಹಾರದ ಹಾಗೆ ಇದಕ್ಕೆ ನಿಗದಿಯಾದ ದರಪಟ್ಟಿ ಇಲ್ಲ. ಸೇವೆಯ ಕೊರತೆಯಿಂದ ಆದ ನಷ್ಟ ಅಂತ ಇದನ್ನು ತೋರಿಸಬೇಕು. ಪ್ರತಿ ರಸೀದಿಯನ್ನೂ ಕೈಗೆ ತೆಗೆದುಕೊಂಡು, ವಿಮಾನ ಹಾರಿದ್ದರೆ ಈ ಖರ್ಚು ಆಗುತ್ತಿತ್ತಾ ಅಂತ ಕೇಳಿಕೊಂಡೆ. ಇದನ್ನು ನಾನು ತಪ್ಪಿಸಬಹುದಿತ್ತಾ ಅಂತಲೂ ಕೇಳಿಕೊಂಡೆ.

ಹೊಸ ಟಿಕೆಟ್ಟಿಗೆ 22,400 ಕೊಟ್ಟಿದ್ದೆ. ಆದರೆ ಹಳೆಯ ಟಿಕೆಟ್ಟಿನ 12,900 ವಾಪಸ್ ಕೇಳುತ್ತಿದ್ದೇನಲ್ಲ. ಎರಡನ್ನೂ ಪೂರ್ತಿ ಕೇಳಿದರೆ ನಾನು ಬೆಂಗಳೂರಿಗೆ ಪುಕ್ಕಟೆ ಬಂದ ಹಾಗಾಗುತ್ತದೆ. ನಿಜವಾದ ನಷ್ಟ ವ್ಯತ್ಯಾಸದ 9,500 ಮಾತ್ರ. ಹೋಟೆಲ್ 2,800, ಬಿಲ್ ನನ್ನ ಹೆಸರಿನಲ್ಲೇ ಇದೆ. ಟ್ಯಾಕ್ಸಿ ಹೋಗುವಾಗ 430, ಬೆಳಿಗ್ಗೆ ವಾಪಸ್ ಬರುವಾಗ 400, ಎರಡೂ ಆ್ಯಪಿನಲ್ಲಿ ಮಾಡಿದ್ದರಿಂದ ರಸೀದಿ ಇತ್ತು. ಊಟಕ್ಕೆ ಸುಮಾರು 740 ಆಗಿತ್ತು. ಬಿಲ್ ಇದ್ದದ್ದು 410ಕ್ಕೆ, ಅಷ್ಟನ್ನೇ ಬರೆದೆ. ಶಿವಮೊಗ್ಗದ ಬಸ್ಸಿನ 1,240 ಹೋಯಿತು, ಆದರೆ ಅದನ್ನು ಬಿಟ್ಟುಬಿಟ್ಟೆ. ವಿಮಾನ ತಡ ಅಂತ ಸಂಜೆಯೇ ಗೊತ್ತಾಗಿತ್ತು, ಬಸ್ಸು ಸಿಗುವುದಿಲ್ಲ ಅಂತ ಆಗಲೇ ಲೆಕ್ಕ ಹಾಕಿ ಫೋನಿನಲ್ಲೇ ರದ್ದು ಮಾಡಬಹುದಿತ್ತು. ನಾನು ಮಾಡಲಿಲ್ಲ. ಅಲ್ಲದೆ ಅದು ಬೇರೆಯೇ ಟಿಕೆಟ್. ಎಲ್ಲ ಕೂಡಿಸಿದರೆ 13,540.

ಅಕ್ಕಪಕ್ಕದವರು ಒಂದು ಲಕ್ಷ ಕೇಳು, ಹತ್ತು ಸಾವಿರವಾದರೂ ಕೊಡುತ್ತಾರೆ ಎಂದರು. ನನಗದು ಸರಿ ಕಾಣಲಿಲ್ಲ. ಪ್ರತಿ ರೂಪಾಯಿಗೂ ಕಾಗದ ಇದ್ದರೆ ಆ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ. ಒಂದು ಅಂಕಿ ಉಬ್ಬಿಸಿದ್ದು ಅಂತ ಕಂಡರೆ ಉಳಿದವೂ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ.

ಎರಡನೆಯ ಪತ್ರವನ್ನು ಕಂಪನಿಯ ನೋಡಲ್ ಅಧಿಕಾರಿಗೆ ಬರೆದೆ. ಪ್ರತಿ ವಿಮಾನ ಕಂಪನಿಯೂ ದೂರಿಗೆ ಒಬ್ಬ ನೋಡಲ್ ಅಧಿಕಾರಿಯನ್ನು, ಅವರ ಮೇಲೆ ಒಬ್ಬ ಮೇಲ್ಮನವಿ ಅಧಿಕಾರಿಯನ್ನು ಇಟ್ಟಿರುತ್ತದೆ. ಇಮೇಲ್ ವಿಳಾಸ ಅವರ ವೆಬ್‌ಸೈಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ವಿಷಯ: ರದ್ದಾದ ದೆಹಲಿ–ಬೆಂಗಳೂರು ವಿಮಾನ, ಪಿಎನ್‌ಆರ್ ಸಂಖ್ಯೆ, ಪ್ರಯಾಣದ ದಿನಾಂಕ. ಟಿಕೆಟ್ ಹಣ, ಪರಿಹಾರ ಮತ್ತು ಖರ್ಚು ಸೇರಿ ರೂ. 36,740 ಕೋರಿ ದೂರು.

ಮಾನ್ಯರೇ,

ಮೇಲಿನ ಪಿಎನ್‌ಆರ್‌ನಲ್ಲಿ ನಾನು ಮತ್ತು ನನ್ನ ತಂದೆ ಪ್ರಯಾಣಿಸಬೇಕಿತ್ತು. ಸಂಜೆ 7:10ರ ವಿಮಾನ ರದ್ದಾಗಿದೆ ಎಂದು ರಾತ್ರಿ 9:38ಕ್ಕೆ ತಿಳಿಸಲಾಯಿತು. ಆಗ ನಾವು ಬೋರ್ಡಿಂಗ್ ಗೇಟಿನಲ್ಲಿದ್ದೆವು. ನೀವು ಕೊಟ್ಟ ಬದಲಿ ವಿಮಾನ ಸುಮಾರು 48 ಗಂಟೆ ನಂತರದ್ದಾಗಿತ್ತು, ಹಾಗಾಗಿ ಹಣ ವಾಪಸಾತಿಯನ್ನು ಆರಿಸಿಕೊಂಡೆ.

ನಾನು ಕೋರುವುದು: ಟಿಕೆಟ್ ಹಣ ರೂ. 12,900. ಡಿಜಿಸಿಎಯ ಸಿಎಆರ್ ಸೆಕ್ಷನ್ 3, ಸೀರೀಸ್ ಎಂ, ಭಾಗ 4ರಂತೆ ಪರಿಹಾರ ತಲಾ ರೂ. 5,150, ಒಟ್ಟು ರೂ. 10,300. ಬಿಲ್ಲುಗಳಿರುವ ಹೆಚ್ಚುವರಿ ಖರ್ಚು ರೂ. 13,540, ವಿವರ ಲಗತ್ತು 3ರಲ್ಲಿದೆ. ಹೊಸ ಟಿಕೆಟ್ಟಿನ ದರದಲ್ಲಿ ಹಳೆಯ ಟಿಕೆಟ್ಟಿನ ಹಣವನ್ನು ಕಳೆದೇ ಈ ಮೊತ್ತ ಹಾಕಿದ್ದೇನೆ.

ನಿಮ್ಮ ಹಿಂದಿನ ಉತ್ತರದಲ್ಲಿ ಹವಾಮಾನವನ್ನು ಕಾರಣವಾಗಿ ಹೇಳಿದ್ದೀರಿ. ನಿಮ್ಮ ಎಸ್ಸೆಮ್ಮೆಸ್ಸಿನಲ್ಲಿ ಆ ಕಾರಣ ಇಲ್ಲ. ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿದದ್ದು ಕಾರಣ ಎಂದು ರಾತ್ರಿ 9:55ಕ್ಕೆ ಕೌಂಟರಿನಲ್ಲಿ ತಿಳಿಸಲಾಯಿತು. ಅದೇ ಹೊತ್ತಿಗೆ ಬೇರೆ ಎರಡು ವಿಮಾನಗಳು ಬೆಂಗಳೂರಿಗೆ ಹೊರಟಿದ್ದವು (ಲಗತ್ತು 2). ರದ್ದತಿಯ ನಿಖರ ಕಾರಣವನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಹಣವನ್ನು ಕೆಳಗಿನ ಖಾತೆಗೆ ಕಳಿಸಬೇಕೆಂದು ಕೋರುತ್ತೇನೆ. ಆಗದಿದ್ದರೆ ಏರ್‌ಸೇವಾದಲ್ಲಿ ಮತ್ತು ನಾನು ವಾಸಿಸುವ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ."

ಇದರಲ್ಲಿ ಒಂದೂ ಬಿರುಸಾದ ಮಾತಿಲ್ಲ. ಅಪ್ಪನ ಇನ್ಸುಲಿನ್ ಸುದ್ದಿಯನ್ನೂ ತೆಗೆದುಹಾಕಿದೆ. ಬರೆಯುವಾಗ ಹೊಟ್ಟೆಯಲ್ಲಿ ಸಂಕಟವೇ ಆಯಿತು. ಆ ರಾತ್ರಿ ನಡೆದದ್ದರಲ್ಲಿ ನನಗೆ ನೋವಾದದ್ದೇ ಅದು. ಆದರೆ ಆ ಕಡೆ ಓದುವವರು ದಿನಕ್ಕೆ ಎಷ್ಟೋ ದೂರು ನೋಡುತ್ತಾರೆ. ಮೊದಲ ಎರಡು ಸಾಲಿನಲ್ಲಿ ಪಿಎನ್‌ಆರ್ ಮತ್ತು ಮೊತ್ತ ಸಿಗಬೇಕು. 'ಮೋಸಗಾರರು' ಅಂತ ಒಂದು ಪದ ಇದ್ದರೆ ಅವರು ಆ ಪದಕ್ಕೆ ಉತ್ತರ ಬರೆದು ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಇದೇ ಪತ್ರವನ್ನು ಮುಂದೆ ಆಯೋಗದ ಸದಸ್ಯರೂ ಓದುತ್ತಾರೆ ಅಂತ ನೆನಪಿಟ್ಟುಕೊಂಡು ಬರೆದೆ.

ಹನ್ನೊಂದನೆಯ ದಿನ ಉತ್ತರ ಬಂತು. ಟಿಕೆಟ್ ಹಣ ಕಳಿಸಿದ್ದೇವೆ, ಸದ್ಭಾವನೆಯಿಂದ ತಲಾ 2,500 ರೂಪಾಯಿಯ ವೋಚರ್ ಕೊಡುತ್ತೇವೆ, ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ. ಕೆಳಗೆ ಒಂದು ಲಿಂಕ್. ಒತ್ತಿದರೆ ಒಪ್ಪಿದ ಹಾಗೆ. ಈ ಲಿಂಕನ್ನು ನಾನು ಮುಟ್ಟಲಿಲ್ಲ. ಟಿಕೆಟ್ ಹಣ ತಲುಪಿದೆ, ಅದನ್ನು ಮೊದಲ ಬಾಬ್ತಿಗೆ ಮಾತ್ರ ಸ್ವೀಕರಿಸಿದ್ದೇನೆ, ವೋಚರ್ ಬೇಡ, ಉಳಿದ 23,840 ಬಾಕಿ ಇದೆ, ಅಂತ ಮೂರು ಸಾಲು ಉತ್ತರ ಬರೆದೆ. ಸುಮ್ಮನಿದ್ದರೂ ಒಪ್ಪಿದ್ದೀರಿ ಅನ್ನುವ ಸಾಧ್ಯತೆ ಇರುವುದರಿಂದ ಬೇಡ ಅಂತ ಬರೆದೇ ಹೇಳುವುದು ಒಳ್ಳೆಯದು.

ಆಮೇಲೆ ಏರ್‌ಸೇವಾ. ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ಶುರು ಮಾಡಿದ ದೂರಿನ ವ್ಯವಸ್ಥೆ ಇದು. airsewa.gov.in ಅಂತ ಹುಡುಕಿದರೆ ಸಿಗುತ್ತದೆ. ಅದೇ ಪತ್ರ, ಅದೇ ಲಗತ್ತುಗಳನ್ನು ಅಲ್ಲಿ ಹಾಕಿದೆ. ದೂರು ಕೊನೆಗೆ ಅದೇ ಕಂಪನಿಗೇ ಹೋಗುತ್ತದೆ ನಿಜ, ಆದರೆ ಸಚಿವಾಲಯದ ಕಣ್ಣ ಮುಂದೆ ಹೋಗುತ್ತದೆ. ಮೊದಲ ಸಲ ವೋಚರ್ ಪತ್ರವನ್ನೇ ಅಂಟಿಸಿ 'ಪರಿಹಾರವಾಗಿದೆ' ಅಂತ ಮುಚ್ಚಿದರು. ಸಮಾಧಾನ ಇಲ್ಲ ಅಂತ ತಿಳಿಸಿ, ಈ ಸಲ ಒಂದೇ ಪ್ರಶ್ನೆ ಇಟ್ಟೆ. ರದ್ದತಿಗೆ ಹವಾಮಾನ ಕಾರಣವೇ, ಸಿಬ್ಬಂದಿ ಕಾರಣವೇ? ಒಂಬತ್ತು ದಿನದ ನಂತರ ಉತ್ತರ ಬಂತು. ಸಿಬ್ಬಂದಿ ಲಭ್ಯತೆಯ ಕೊರತೆಯಿಂದಾದ ಕಾರ್ಯಾಚರಣೆಯ ಕಾರಣ. ಹವಾಮಾನ ಅನ್ನುವ ಪದ ಮಾಯವಾಗಿತ್ತು. ಸಿಬ್ಬಂದಿಯ ಡ್ಯೂಟಿ ಹಂಚುವುದು ಕಂಪನಿಯದೇ ಕೆಲಸ ಅಲ್ವಾ? ಅದೇ ಉತ್ತರದಲ್ಲಿ, ನಿಯಮದಂತೆ 10,300 ರೂಪಾಯಿ ಕಳಿಸುವುದಾಗಿ ಬರೆದಿದ್ದರು. ಆರು ದಿನಕ್ಕೆ ಖಾತೆಗೆ ಬಂತು. ಹೆಚ್ಚುವರಿ ಖರ್ಚು ಕೊಡುವ ನಿಯಮ ನಮ್ಮಲ್ಲಿಲ್ಲ ಎಂದರು.

13,540ಕ್ಕಾಗಿ ಆಯೋಗಕ್ಕೆ ಹೋಗಬೇಕಾ ಅಂತ ಮನೆಯಲ್ಲಿ ಮಾತಾಯಿತು. ವಿಮಾನ ಕಂಪನಿಯ ಕಚೇರಿ ಎಲ್ಲೋ ಉತ್ತರದಲ್ಲಿದೆ, ನಾವು ಅಲ್ಲಿಗೆ ಅಲೆಯಬೇಕೇನೋ ಅಂತ ಅಪ್ಪನ ಚಿಂತೆ. ಹಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 34ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಟ್ಟರಾಯಿತು. ವಕೀಲರು ಇರಲೇಬೇಕು ಅಂತಿಲ್ಲ.

ದೂರನ್ನು ಸರ್ಕಾರದ ಇ-ಜಾಗೃತಿ ಪೋರ್ಟಲ್ಲಿನಲ್ಲಿ ಹಾಕಿದೆ. ಎರಡು ಭಾನುವಾರ ಹಿಡಿಯಿತು. ದೂರಿನ ಪ್ರತಿ, ತಾರೀಖುಗಳ ಪಟ್ಟಿ, ಪ್ರಮಾಣಪತ್ರ, ದಾಖಲೆಗಳು. ಸ್ಕ್ರೀನ್‌ಶಾಟ್ ಮತ್ತು ಇಮೇಲುಗಳಿಗೆ ಬೇರೆ ಒಂದು ಪ್ರಮಾಣಪತ್ರ ಬೇಕು ಎಂದು ಪರಿಚಯದ ವಕೀಲರು ಹೇಳಿದರು. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದನ್ನು ಕೇಳುತ್ತದೆ. ಈ ಚಿತ್ರಗಳು ನನ್ನ ಫೋನಿನಲ್ಲೇ ತೆಗೆದವು, ಬದಲಾಯಿಸಿಲ್ಲ ಅಂತ ಹೇಳುವ ಕಾಗದ ಅದು. ಬೋರ್ಡಿನ ಫೋಟೋವನ್ನು ಸದ್ಯ ನಾನು ಅಳಿಸಿರಲಿಲ್ಲ, ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಮಾತ್ರ ಇದ್ದಿದ್ದರೆ ತೆಗೆದ ಸಮಯದ ಗುರುತು ಹೋಗಿರುತ್ತಿತ್ತು. ಕೋರಿಕೆಯಲ್ಲಿ ಬಾಕಿ 13,540, ಮಾನಸಿಕ ತೊಂದರೆಗೆ 10,000, ದೂರಿನ ವೆಚ್ಚ 3,000 ಎಂದು ಬರೆದೆ. ಅಪ್ಪನ ಇನ್ಸುಲಿನ್, ತಡವಾದ ಊಟ, ಸ್ಯಾಂಡ್‌ವಿಚ್, ಜ್ಯೂಸ್ ಎಲ್ಲ ಇಲ್ಲಿ ಬಂತು. ಮಾನಸಿಕ ತೊಂದರೆಯನ್ನು ಆಯೋಗ ತೂಗಿ ನೋಡುತ್ತದೆ, ಹಾಗಾಗಿ ಆ ವಿವರಕ್ಕೆ ಇದೇ ಸರಿಯಾದ ಜಾಗ.

ದೂರು ದಾಖಲಾಗಿ ನೋಟಿಸ್ ಹೋಯಿತು. ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರ ಮೇಲೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಇಪ್ಪತ್ತಾರನೆಯ ದಿನ ಕಂಪನಿಯ ವಕೀಲರು ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದರು. "ಮೇಡಂ, ನಿಮ್ಮ ಲೆಕ್ಕದಲ್ಲಿ ನಾವು ಕಳೆಯುವುದಕ್ಕೆ ಏನೂ ಇಲ್ಲ. ಒಂದು ಮೊತ್ತಕ್ಕೆ ಮುಗಿಸೋಣವೇ?" ಎಂದರು. ಮೊದಲು 10,000 ಎಂದರು. ಖರ್ಚಿನ 13,540ರಲ್ಲಿ ಒಂದು ರೂಪಾಯಿಯೂ ಬಿಡುವುದಿಲ್ಲ, ಮಾನಸಿಕ ತೊಂದರೆಯ ಬಾಬ್ತನ್ನು ಬಿಡಬಲ್ಲೆ ಎಂದೆ. ಕೊನೆಗೆ 16,000ಕ್ಕೆ ಒಪ್ಪಿಗೆಯಾಯಿತು.

ಆಯೋಗದಲ್ಲಿ ಸಲ್ಲಿಸುವ ರಾಜಿ ಮೆಮೊದ ಕರಡನ್ನು ಅವರು ಮರುದಿನ ಕಳಿಸಿದರು. ದೂರನ್ನು ಹಿಂತೆಗೆದುಕೊಂಡ 30 ದಿನಗಳಲ್ಲಿ ಹಣ ಪಾವತಿ ಅಂತ ಅದರಲ್ಲಿತ್ತು. ಆ ಸಾಲನ್ನು ತಿದ್ದಿ ವಾಪಸ್ ಕಳಿಸಿದೆ, ಹಣ ಖಾತೆಗೆ ಜಮಾ ಆದ ಮೇಲೆ ಇಬ್ಬರೂ ಸೇರಿ ಮೆಮೊ ಸಲ್ಲಿಸುವುದು ಅಂತ. ಎಂಟನೆಯ ದಿನ ಹಣ ಬಂತು. ಮುಂದಿನ ತಾರೀಖಿಗೆ ಅಪ್ಪನೂ ನನ್ನ ಜೊತೆ ಆಯೋಗಕ್ಕೆ ಬಂದರು. ಮೆಮೊದಲ್ಲಿ ಎರಡನೆಯ ಪ್ರಯಾಣಿಕರ ಸಹಿಯೂ ಬೇಕಿತ್ತು.